ಹಿಯರಿಂಗ್ ಏಡ್ ಬೆಲೆ: ಮೆಷಿನ್ನಿಗೆಷ್ಟು, ಫಿಟಿಂಗಿಗೆಷ್ಟು?

"ಅಪ್ಪನಿಗೆ ಎರಡೂ ಕಿವಿಗೆ ಹಿಯರಿಂಗ್ ಏಡ್ ಬೇಕು. ಒಂದೇ ಮಾಡೆಲ್‌ನಲ್ಲಿ ಮೂರು ಲೆವೆಲ್ ಇದೆ, ಮೇಲಿನದಕ್ಕೆ ಕೆಳಗಿನದರ ಎರಡು ಪಟ್ಟು ಬೆಲೆ. ಒಬ್ಬರು ಎಲ್ಲಾ ಸೇರಿಸಿ ಒಂದೇ ರೇಟ್ ಹೇಳ್ತಾರೆ, ಇನ್ನೊಬ್ಬರು ವಿಸಿಟ್, ವಾರಂಟಿ ಬೇರೆ ಅಂತಾರೆ. ಹೇಗೆ ಹೋಲಿಸೋದು?"

ನನ್ನನ್ನು ಕೇಳಿದರೆ, ಮೊದಲು ನೋಡಬೇಕಾದ್ದು ಲೆವೆಲ್ ಅಲ್ಲ, ಫಿಟಿಂಗ್. ಅಮ್ಮನ ಮೆಷಿನ್ ಆರು ತಿಂಗಳು ಡ್ರಾಯರಿನಲ್ಲಿ ಬಿದ್ದಿದ್ದ ಮೇಲೆ ನನಗೆ ಇದು ಗೊತ್ತಾಯಿತು.

ನಾವು ಮೇಲಿನ ಲೆವೆಲ್ಲನ್ನೇ ಕೊಂಡಿದ್ದೆವು. ಅಂಗಡಿಯವರು ಕಿವಿ ಪರೀಕ್ಷೆಯ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಒಂದು ಬಟನ್ ಒತ್ತಿದರು. "ಕೇಳ್ತಿದೆಯಾ ಅಮ್ಮಾ?" ಅಂದರು. ಅಮ್ಮ ಹೂಂ ಅಂದರು. ಹದಿನೈದು ನಿಮಿಷದಲ್ಲಿ ಮುಗಿಯಿತು. ಮನೆಗೆ ಬಂದ ಮೇಲೆ ಒಂದೇ ದೂರು: "ಸದ್ದು ಕೇಳುತ್ತೆ, ಮಾತು ಬಿಡಿಸಿ ಕೇಳಲ್ಲ." 'ಸಾಲು' ಅಂದರೆ ಅವರಿಗೆ 'ಹಾಲು' ಅಂತ ಕೇಳುತ್ತಿತ್ತು.

ಬೇರೊಬ್ಬ ಆಡಿಯಾಲಜಿಸ್ಟ್ ಅದೇ ಮೆಷಿನ್ ಹಾಕಿಸಿ, ಪಕ್ಕದಲ್ಲೇ ಒಂದು ಸಣ್ಣ ಮೆತ್ತನೆಯ ನಳಿಕೆಯನ್ನು ಕಿವಿಯೊಳಗೆ ಇಳಿಸಿದರು. ಅದು ಮೈಕಿನ ನಳಿಕೆ. ಮಾತಿನ ಸದ್ದು ಹಾಕಿದರೆ ಕಿವಿಯ ತಮಟೆಯ ಹತ್ತಿರ ನಿಜವಾಗಿ ಎಷ್ಟು ತಲುಪುತ್ತಿದೆ ಅಂತ ಪರದೆಯ ಮೇಲೆ ಗೆರೆ ಬರುತ್ತದೆ. ತಲುಪಬೇಕಾದದ್ದು ಇನ್ನೊಂದು ಗೆರೆ. ದಪ್ಪ ಸ್ವರಗಳ ಕಡೆ ಎರಡೂ ಕೂಡಿಕೊಂಡಿದ್ದವು. 4000 ಹರ್ಟ್ಸ್ ಹತ್ತಿರ 12 ಡೆಸಿಬೆಲ್ ಕಡಿಮೆ. 'ಸ', 'ಶ'ದಂಥ ಅಕ್ಷರಗಳ ಸದ್ದು ಹೆಚ್ಚಾಗಿ ಈ ತೀಕ್ಷ್ಣ ಸ್ವರಗಳಲ್ಲೇ ಇರೋದು. ಸಾಮಾನ್ಯವಾಗಿ 5 ಡೆಸಿಬೆಲ್ ಒಳಗೆ ಹೊಂದಿಸುವ ಗುರಿ ಇಟ್ಟುಕೊಳ್ಳುತ್ತಾರೆ. ಈ ಪರೀಕ್ಷೆಗೆ ರಿಯಲ್ ಇಯರ್ ಮೆಷರ್‌ಮೆಂಟ್ ಅಂತಾರೆ. ರೇಟ್ ಹೇಳಿದ ಇಬ್ಬರ ಹತ್ತಿರವೂ ಈ ಹೆಸರು ಹೇಳಿಯೇ ಕೇಳಿ.

ಕೊರತೆಯನ್ನು ಅವರು ಒಂದೇ ಸಲ ತುಂಬಲಿಲ್ಲ. ಅಷ್ಟು ಮಾಡಿದ್ದರೆ ಪೇಪರ್ ಮಡಚಿದ ಸದ್ದಿಗೂ ಅಮ್ಮ ಬೆಚ್ಚಿಬೀಳುತ್ತಿದ್ದರು. ಎರಡು ವಾರ ಬಿಟ್ಟು ಸ್ವಲ್ಪ, ಮತ್ತೆ ಒಂದು ತಿಂಗಳಿಗೆ ಸ್ವಲ್ಪ ಏರಿಸಿದರು. ವಿಸಿಟ್‌ಗಳು ಬೇಕಾಗೋದು ಇದಕ್ಕೇ. ಸುಮ್ನೆ ಒರೆಸಿ ಕಳಿಸುವ ವಿಸಿಟ್ ಎಷ್ಟಿದ್ದರೇನು?

ಇನ್ನು ಲೆವೆಲ್. ಒಂದೇ ಮಾಡೆಲ್‌ನ ಮೂರು ಲೆವೆಲ್‌ಗಳಲ್ಲಿ ಮೆಷಿನ್ ಹೆಚ್ಚುಕಡಿಮೆ ಒಂದೇ ಇರುತ್ತದೆ, ತೆರೆದಿಟ್ಟ ಸೌಲಭ್ಯಗಳು ಬೇರೆ. ಮೇಲಿನದು ಸದ್ದನ್ನು ಜೋರು ಮಾಡುವುದರಲ್ಲಿ ಮುಂದೇನಲ್ಲ. ಎಷ್ಟು ಜೋರು ಅನ್ನೋದು ಕಿವಿಗೆ ಹಾಕುವ ರಿಸೀವರ್ ಅನ್ನುವ ಪುಟ್ಟ ಸ್ಪೀಕರ್ ಮೇಲೆ ಹೋಗುತ್ತದೆ. ಹೆಚ್ಚಿನ ದುಡ್ಡಿಗೆ ಸಿಗೋದು ಗದ್ದಲವನ್ನು ಇನ್ನೂ ಚೆನ್ನಾಗಿ ತಗ್ಗಿಸುವುದು, ಜಾಗಕ್ಕೆ ತಕ್ಕಂತೆ ತಾನೇ ಬದಲಾಗುವುದು. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಜೊತೆಗಾರರು ಸಾಧಾರಣ ಮಟ್ಟದ ಕಿವುಡಿರುವ ಹಿರಿಯರಿಗೆ ಕೆಳಗಿನ, ಮೇಲಿನ ಎರಡೂ ಲೆವೆಲ್ ಕೊಟ್ಟು ನೋಡಿದ್ದಾರೆ. 2014ರ ಆ ವರದಿಯಲ್ಲಿ ಎರಡರಿಂದಲೂ ಉಪಯೋಗ ಆಗಿತ್ತು, ಮೇಲಿನದರಿಂದ ಹೇಳಿಕೊಳ್ಳುವಂಥ ಹೆಚ್ಚುವರಿ ಏನೂ ಕಾಣಲಿಲ್ಲ. ಅಪ್ಪ ದಿನಾ ಗದ್ದಲದ ಸಭೆಗಳಲ್ಲಿ ಕೂರುವವರಾದರೆ ಮಧ್ಯದ ಲೆವೆಲ್ ಪ್ರಯತ್ನಿಸಬಹುದು. ಮನೆಯಲ್ಲಿ ಇಬ್ಬರ ಜೊತೆ ಮಾತು, ಟಿವಿ ಅಷ್ಟೇ ಆದರೆ ಕೆಳಗಿನದರಿಂದಲೇ ಶುರು ಮಾಡಿ, ಟ್ರಯಲ್ ಕೇಳಿ.

ಈಗ ಹೋಲಿಕೆ. ಎರಡೂ ಕಡೆ ಒಂದೇ ಲೆವೆಲ್‌ಗೆ ಬರವಣಿಗೆಯಲ್ಲಿ ರೇಟ್ ತಗೊಳ್ಳಿ, ಐದು ವರ್ಷಕ್ಕೆ ಕೂಡಿ. ಎಲ್ಲಾ ಸೇರಿಸಿದವರದು 100 ಪಾಲು, ಅದರಲ್ಲಿ ಮೂರು ವರ್ಷದ ವಿಸಿಟ್, ವಾರಂಟಿ ಇದೆ ಅಂತಿಟ್ಟುಕೊಳ್ಳಿ. ಬೇರೆ ಬೇರೆ ಮಾಡಿದವರದು ಫಿಟಿಂಗ್ ಸೇರಿ 70, ವಾರಂಟಿ ಒಂದೇ ವರ್ಷ, ಇನ್ನೆರಡು ವರ್ಷಕ್ಕೆ 8. ಇವರಲ್ಲಿ ಮೊದಲಿನಿಂದಲೂ ಒಂದು ವಿಸಿಟ್‌ಗೆ 2, ಮೊದಲನೆಯವರಲ್ಲಿ ಮೂರು ವರ್ಷ ಮುಗಿದ ಮೇಲೆ ಅಷ್ಟೇ. ಮೊದಲ ವರ್ಷ 5 ವಿಸಿಟ್, ಆಮೇಲೆ ವರ್ಷಕ್ಕೆ 2 ಅಂದರೆ ಒಟ್ಟು 13. ಎರಡನೆಯವರದು 104 ಆಗುತ್ತದೆ. ಮೊದಲನೆಯವರಲ್ಲಿ ಕೊನೆಯ 4 ವಿಸಿಟ್ ಸೇರಿ 108. ಅಷ್ಟು ಅಗ್ಗ ಅಂತ ಕಂಡದ್ದು ಹತ್ತಿರ ಹತ್ತಿರ ಸಮ, ಅಲ್ವಾ? ಆದರೆ ಅಪ್ಪನಿಗೆ ಬರೀ 7 ವಿಸಿಟ್ ಸಾಕಾದರೆ ಎರಡನೆಯದು 92ಕ್ಕೆ ಇಳಿಯುತ್ತದೆ.

ವಾರಂಟಿ ಅಂದ ತಕ್ಷಣ ಎಲ್ಲಾ ಸೇರಿದೆ ಅಂದುಕೊಳ್ಳಬೇಡಿ. ರಿಪೇರಿ ಬೇರೆ, ಕಳೆದುಹೋದರೆ ಕೊಡುವುದು ಬೇರೆ. ಕಳೆದರೆ ಒಂದೇ ಸಲ, ಅದಕ್ಕೂ ಸ್ವಲ್ಪ ದುಡ್ಡು ಕಟ್ಟಿ ಅನ್ನುವ ಷರತ್ತು ಇರಬಹುದು. ಬೆವರು, ಕಿವಿಯ ಗುಗ್ಗೆಯಿಂದ ಬೇಗ ಕೆಡುವ ರಿಸೀವರ್ ಅದರಲ್ಲಿದೆಯಾ ಅಂತ ಓದಿ ನೋಡಿ. ರಿಪೇರಿಗೆ ಹೋದ ದಿನಗಳಲ್ಲಿ ಬದಲಿ ಮೆಷಿನ್ ಕೊಡ್ತಾರಾ ಅಂತಲೂ ಕೇಳಿ.

ಕೊನೆಗೊಂದು ಪ್ರಶ್ನೆ ಮರೆಯಬೇಡಿ: "ಈ ಮೆಷಿನ್ನನ್ನು ಬೇರೆ ಕಡೆಯೂ ಪ್ರೋಗ್ರಾಂ ಮಾಡಬಹುದಾ?" ಕೆಲವು ಮಳಿಗೆಗಳು ತಮ್ಮ ಮೆಷಿನ್ ಲಾಕ್ ಮಾಡಿಸಿಟ್ಟಿರುತ್ತವೆ. ಅಮ್ಮನದು ಲಾಕ್ ಆಗಿರಲಿಲ್ಲ. ಅದಕ್ಕೇ ಆ ಎರಡನೇ ಆಡಿಯಾಲಜಿಸ್ಟ್ ಅದನ್ನು ತೆರೆದು ಸರಿಮಾಡಲು ಆಯಿತು.