ಬಟ್ಟಲು ಒಡೆದ ಮಗಳ ಅಳು

"5 ವರ್ಷದ ಮಗಳು ಪಾತ್ರೆ ಎತ್ತಿಡಲು ಹೋಗಿ ಗಾಜಿನ ಬಟ್ಟಲು ಒಡೆದಳು. ನಾನು ಬೈದಿಲ್ಲ. ಆದರೂ 'ನಾನು ಕೆಟ್ಟವಳು' ಅಂತ ಅಳುತ್ತಾಳೆ. ಏನು ಮಾಡಲಿ?"

ಬಹುಶಃ ಅವಳು ತನ್ನ ಉದ್ದೇಶ ನೋಡುತ್ತಿಲ್ಲ, ಚೂರುಗಳನ್ನು ನೋಡುತ್ತಿದ್ದಾಳೆ. ಈ ವಯಸ್ಸಲ್ಲಿ ಅದು ಮಾಮೂಲು. ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ 1932ರಲ್ಲೇ ಬರೆದಿದ್ದಾರೆ: ಎರಡು ಕಥೆ ಹೇಳಿ ಕೇಳಿದಾಗ, ಹಿಂದೆ ಕಪ್‌ಗಳಿರುವುದು ಗೊತ್ತಿಲ್ಲದೆ ಬಾಗಿಲು ತೆರೆದು 15 ಕಪ್ ಒಡೆದವನು, ಜಾಮ್ ಕದಿಯಲು ಹೋಗಿ ಒಂದು ಕಪ್ ಒಡೆದವನಿಗಿಂತ ತುಂಟ ಅಂದರಂತೆ ಎಷ್ಟೋ ಚಿಕ್ಕ ಮಕ್ಕಳು! ಆದರೆ ಉದ್ದೇಶವನ್ನು ಬಿಡಿಸಿ ಹೇಳಿದರೆ ಇನ್ನೂ ಚಿಕ್ಕವರಿಗೂ ಅರ್ಥವಾಗುತ್ತದೆ.

ಮೊದಲು ಅವಳು ಅಳು ನಿಲ್ಲಿಸಲಿ. ಆಮೇಲೆ ಉದ್ದೇಶದಿಂದಲೇ ಶುರು ಮಾಡಿ: "ನೀನು ನನಗೆ ಸಹಾಯ ಮಾಡೋಕೆ ಬಂದೆ. ಕೈ ಒದ್ದೆ ಇತ್ತು, ಬಟ್ಟಲು ಜಾರಿತು." "ಏನೂ ಆಗಿಲ್ಲ ಬಿಡು" ಅನ್ನಬೇಡಿ, ಒಡೆದದ್ದು ಅವಳ ಕಣ್ಣಿಗೇ ಕಾಣುತ್ತಿದೆ ಅಲ್ವಾ? ನಾಳೆ ಸ್ಟೀಲ್ ಲೋಟ ಎತ್ತಿಡಲು ಕೊಡಿ. ಬೇರೆ ಯಾರಾದರೂ ಬೈದಿದ್ದರೆ ಕಾರಣ ಅದೂ ಇರಬಹುದು, ಒಮ್ಮೆ ಕೇಳಿ ನೋಡಿ.