ದಟ್ಟ ಬಡಾವಣೆಗಳಲ್ಲಿ ಟಿಬಿ ತಪಾಸಣೆ: ಗುರಿ ಬರೆಯುವ ಮೊದಲು ಮಾಡಬೇಕಾದ ಲೆಕ್ಕ

ಪ್ರಶ್ನೆ: ನಗರದ ದಟ್ಟ ಬಡಾವಣೆಗಳಲ್ಲಿ ಟಿಬಿ ತಪಾಸಣೆ ಮಾಡೋ ಯೋಜನೆಗೆ ಅನುದಾನ ಕೇಳ್ತಿದ್ದೀನಿ. 10,000 ವಯಸ್ಕರನ್ನ ಕರೆಯೋ ಯೋಚನೆ. ಮೂರು ಗುರಿ ಬರೆದಿದ್ದೀನಿ: ಟಿಬಿ ಕಡಿಮೆ ಮಾಡುವುದು, ಲಕ್ಷಣ ಕೇಳುವುದು ಮತ್ತು ಎಕ್ಸ್‌ರೇ ಎರಡನ್ನೂ ಹೋಲಿಸುವುದು, ಸಿಕ್ಕ ರೋಗಿಗಳನ್ನು ಚಿಕಿತ್ಸೆಗೆ ಸೇರಿಸುವುದು. ಗೈಡ್ ನೋಡಿ "ಇವು ಗುರಿಗಳಲ್ಲ, ಆಸೆಗಳು" ಅಂದ್ರು. ಹೇಗೆ ತಿದ್ದಲಿ?

ಉತ್ತರ: ವಾಕ್ಯ ತಿದ್ದುವ ಕೆಲಸ ಆಮೇಲೆ. ಮೊದಲು ಆ 10,000 ಜನರಲ್ಲಿ ನಿಮಗೆ ಎಷ್ಟು ರೋಗಿಗಳು ಸಿಗಬಹುದು ಅಂತ ಲೆಕ್ಕ ಹಾಕಿ. ಯಾವ ಗುರಿ ಉಳಿಯುತ್ತದೆ, ಯಾವುದು ಬೀಳುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಇನ್ನೂರು ಜನರಲ್ಲಿ ಒಬ್ಬರಿಗೆ ಟಿಬಿ ಇದೆ ಅಂತ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಸಾಮಾನ್ಯ ಜನರ ನಡುವೆ ತಪಾಸಣೆ ನಡೆಸಲು ಹಾಕಿರುವ ಗಡಿಯೂ ಇದೇ 0.5 ಶೇಕಡಾ. ಅಂದರೆ 10,000 ಜನರಲ್ಲಿ 50 ರೋಗಿಗಳು. ಕರೆದವರೆಲ್ಲ ಬರುವುದಿಲ್ಲ. ಹತ್ತರಲ್ಲಿ ಆರು ಜನ ಬಂದರೆ 6,000 ಜನ, ಅವರಲ್ಲಿ 30 ರೋಗಿಗಳು. ನಿಮ್ಮ ಇಡೀ ಪ್ರಸ್ತಾವನೆ ಈ 30ರ ಮೇಲೆ ನಿಂತಿದೆ.

ಹಾಗಾಗಿ "ಟಿಬಿ ಕಡಿಮೆ ಮಾಡುವುದು" ಅನ್ನುವುದನ್ನು ತೆಗೆದುಬಿಡಿ. ಜಿಂಬಾಬ್ವೆಯ ಹರಾರೆ ನಗರದ ದಟ್ಟ ಬಡಾವಣೆಗಳಲ್ಲಿ ನಡೆದ ಅಧ್ಯಯನದಲ್ಲಿ ಆರು ತಿಂಗಳಿಗೊಮ್ಮೆಯಂತೆ ಆರು ಸುತ್ತು ತಪಾಸಣೆ ಮಾಡಿದ್ದರು. ವಿಯೆಟ್ನಾಂನಲ್ಲಿ ಲಕ್ಷಣ ಇರಲಿ ಬಿಡಲಿ, ಮೂರು ವರ್ಷ ಪ್ರತಿ ವರ್ಷವೂ ಕಫ ಪರೀಕ್ಷೆಗೆ ಕರೆದರು. ಟಿಬಿ ಇಳಿಯಿತು ಎಂದು ತೋರಿಸಲು ಅಷ್ಟು ಸುತ್ತು ಬೇಕಾಯಿತು. ಒಂದೇ ಸುತ್ತಿನ ಯೋಜನೆಯಲ್ಲಿ ಈ ಮಾತು ಬಂದರೆ ವಿಮರ್ಶಕರು ಮುಂದೆ ಓದುವಾಗ ಅನುಮಾನದಿಂದಲೇ ಓದುತ್ತಾರೆ.

ಈಗ ಎರಡನೆಯ ಗುರಿ. ವಿಶ್ವ ಆರೋಗ್ಯ ಸಂಸ್ಥೆ ಕ್ರೋಡೀಕರಿಸಿದ ಅಂಕಿಗಳ ಪ್ರಕಾರ, ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿದರೆ ನೂರು ರೋಗಿಗಳಲ್ಲಿ ಸುಮಾರು 71 ಜನ ಸಿಗುತ್ತಾರೆ. ಜೊತೆಗೆ ಟಿಬಿ ಇಲ್ಲದ ನೂರರಲ್ಲಿ 36 ಜನರೂ "ಹೌದು" ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಯಾವುದೇ ಅಸಹಜತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನೂರಕ್ಕೆ 94 ರೋಗಿಗಳು ಸಿಗುತ್ತಾರೆ, ರೋಗವಿಲ್ಲದವರಲ್ಲಿ 11 ಜನ ಮಾತ್ರ ಸೇರುತ್ತಾರೆ. ನಿಮ್ಮ 30 ರೋಗಿಗಳಲ್ಲಿ ಇದು 21ಕ್ಕೆ 28. ವ್ಯತ್ಯಾಸ ಏಳೇ ಜನ. ಅಷ್ಟರಲ್ಲಿ "ಎಕ್ಸ್‌ರೇ ಹೆಚ್ಚು ರೋಗಿಗಳನ್ನು ಹಿಡಿಯುತ್ತದೆ" ಎಂದು ಖಚಿತವಾಗಿ ಹೇಳಲಾಗದು. ಅಲ್ಲದೆ ಎರಡರಿಂದಲೂ ತಪ್ಪಿಸಿಕೊಂಡವರು ಎಷ್ಟು ಎಂದು ತಿಳಿಯಬೇಕಾದರೆ ಬಂದ 6,000 ಜನರ ಕಫವನ್ನೂ ಪರೀಕ್ಷಿಸಬೇಕು. ಅಷ್ಟು ಖರ್ಚು ಮಾಡಿ ಈಗಾಗಲೇ ಗೊತ್ತಿರುವ ಉತ್ತರವನ್ನೇ ಮಸುಕಾಗಿ ಮತ್ತೆ ಹೇಳಿದಂತಾಗುತ್ತದೆ.

ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡಿ. ಲಕ್ಷಣ ಕೇಳಿದರೆ ಸುಮಾರು 2,170 ಜನರ ಕಫ ಪರೀಕ್ಷೆ ಆಗಬೇಕು. ಎಕ್ಸ್‌ರೇ ಮಾಡಿದರೆ ಸುಮಾರು 685. ಅಂದರೆ ಒಬ್ಬ ರೋಗಿಗೆ ಅಲ್ಲಿ ನೂರಕ್ಕೂ ಹೆಚ್ಚು ಪರೀಕ್ಷೆ, ಇಲ್ಲಿ ಇಪ್ಪತ್ತೈದರ ಹತ್ತಿರ. ನಾಲ್ಕು ಪಟ್ಟು ವ್ಯತ್ಯಾಸವನ್ನು ನಿಮ್ಮ ಯೋಜನೆ ಸಲೀಸಾಗಿ ಅಳೆಯಬಲ್ಲದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಕಫದಲ್ಲಿ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಎಕ್ಸ್‌ಪರ್ಟ್ ಎಂಬ ಪರೀಕ್ಷೆ ರೋಗವಿಲ್ಲದ ನೂರು ಜನರಲ್ಲಿ ಒಬ್ಬರನ್ನು ತಪ್ಪಾಗಿ ಪಾಸಿಟಿವ್ ಎಂದು ತೋರಿಸುತ್ತದೆ, ನೂರು ರೋಗಿಗಳಲ್ಲಿ 90 ಜನರನ್ನು ಹಿಡಿಯುತ್ತದೆ ಎಂದು ಇಟ್ಟುಕೊಳ್ಳೋಣ. ಲಕ್ಷಣದ ದಾರಿಯಲ್ಲಿ 19 ನಿಜವಾದ ಪಾಸಿಟಿವ್, 21 ಸುಳ್ಳು. ಎಕ್ಸ್‌ರೇ ದಾರಿಯಲ್ಲಿ 25 ನಿಜ, ಏಳು ಸುಳ್ಳು. ಮೊದಲನೆಯದರಲ್ಲಿ ಔಷಧಿ ಶುರು ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಟಿಬಿಯೇ ಇರುವುದಿಲ್ಲ. ಆರು ತಿಂಗಳ ಮಾತ್ರೆ, ಯಕೃತ್ತಿನ ತೊಂದರೆಯ ಭಯ, ಗೋಡೆಗೆ ಗೋಡೆ ಅಂಟಿದ ಮನೆಗಳ ಗಲ್ಲಿಯಲ್ಲಿ ಮುಚ್ಚಿಡಲಾಗದ ಸುದ್ದಿ, ಇದೆಲ್ಲ ಅವರ ತಲೆಯ ಮೇಲೆ ಬೀಳುತ್ತದೆ. ಹಿಂದೆ ಟಿಬಿ ಆಗಿ ವಾಸಿಯಾದವರಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಉಳಿದಿದ್ದರೂ ಪಾಸಿಟಿವ್ ಬರಬಹುದು. ಆದ್ದರಿಂದ ಜೀವಂತ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಗುರಿಯ ವಾಕ್ಯದಲ್ಲೇ ಇರಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

"ಗುರಿ 1: ಬಂದ ಎಲ್ಲರಿಗೂ ಲಕ್ಷಣದ ಪ್ರಶ್ನೆ ಮತ್ತು ಎದೆಯ ಎಕ್ಸ್‌ರೇ ಎರಡನ್ನೂ ಮಾಡಿ, ಕಲ್ಚರ್‌ನಿಂದ ದೃಢಪಟ್ಟ ಒಬ್ಬ ರೋಗಿಗೆ ಎಷ್ಟು ಕಫ ಪರೀಕ್ಷೆ ಬೇಕಾಗುತ್ತದೆ, ಎಷ್ಟು ಪಾಸಿಟಿವ್‌ಗಳು ಸುಳ್ಳಾಗುತ್ತವೆ ಎಂಬುದನ್ನು ಪ್ರತಿ ದಾರಿಗೂ ಅಳೆಯುವುದು."

ಇಲ್ಲಿ "ತಿಳಿಯುವುದು", "ಅರ್ಥಮಾಡಿಕೊಳ್ಳುವುದು" ಅನ್ನುವ ಮಾತಿಲ್ಲ. ಏನನ್ನು ಎಣಿಸುತ್ತೀರಿ, ಯಾವುದರಿಂದ ಭಾಗಿಸುತ್ತೀರಿ ಎರಡೂ ಕಾಣುತ್ತವೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಎರಡನೆಯ ಗುರಿಯಾಗಿ ಮಾಡಿ: ಬಾರದವರು ಯಾರು? ಹೆಚ್ಚಿನ ಕಡೆ ಟಿಬಿ ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ, ಆದರೆ ಹಗಲು ಹೊತ್ತಿನ ತಪಾಸಣೆಗೆ ಅವರು ಸಿಗುವುದು ಕಡಿಮೆ. ಹಾಗಾದರೆ ನಾವು ಅಂದುಕೊಂಡ 30 ಕೂಡ ಕೈಗೆ ಬರುವುದಿಲ್ಲ. ಬಡಾವಣೆಯನ್ನು 40 ಗಲ್ಲಿ ಗುಂಪುಗಳಾಗಿ ಮಾಡಿ, ಚೀಟಿ ಎತ್ತಿ 20 ಗುಂಪಿಗೆ ಸಂಜೆ ಮತ್ತು ರಜಾದಿನದ ತಪಾಸಣೆ, ಉಳಿದ 20ಕ್ಕೆ ಹಗಲಿನದು ಕೊಡಿ. ಮನೆಮನೆ ಪಟ್ಟಿಯಲ್ಲಿರುವ ಗಂಡಸರಲ್ಲಿ ಶೇಕಡಾ ಎಷ್ಟು ಮಂದಿ ಎಕ್ಸ್‌ರೇ ಮಾಡಿಸಿಕೊಂಡರು ಎಂಬುದೇ ಅಳತೆ. 45ರಿಂದ 60ಕ್ಕೆ ಏರುತ್ತದೆ ಎಂಬುದು ನಿಮ್ಮ ಊಹೆ ಆಗಿರಲಿ.

ಇಲ್ಲಿ ಒಂದು ಎಚ್ಚರ. ಪ್ರತಿ ಕಡೆಯಲ್ಲಿ 2,500 ಗಂಡಸರಿದ್ದರೂ, ಒಂದೇ ಗಲ್ಲಿಯವರು ಒಬ್ಬರನ್ನೊಬ್ಬರು ಹೋಲುವುದರಿಂದ ಅದು ಅಷ್ಟು ಬೇರೆ ಬೇರೆ ಜನರ ಮಾಹಿತಿ ಆಗುವುದಿಲ್ಲ. ಗುಂಪಿನೊಳಗಿನ ಹೋಲಿಕೆಯನ್ನು 0.05 ಎಂದು ಇಟ್ಟುಕೊಂಡರೆ 2,500ರ ಬೆಲೆ ಸುಮಾರು 350ಕ್ಕೆ ಇಳಿಯುತ್ತದೆ. ಆಗಲೂ 15 ಅಂಕದ ವ್ಯತ್ಯಾಸ ಕಾಣಿಸುತ್ತದೆ. ಐದು ಅಂಕದ್ದಾದರೆ ಕಾಣುವುದಿಲ್ಲ. ಈ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞರ ಜೊತೆ ಕೂತು ಮಾಡಿಸಿ, ಒಂದು ಸಾಲಿನಲ್ಲಿ ಗುರಿಯ ಕೆಳಗೇ ಬರೆಯಿರಿ.

ಮೂರನೆಯದರಲ್ಲಿ ತೊಡಕು ಬೇರೆ. "ಸಿಕ್ಕ ರೋಗಿಗಳನ್ನು ಚಿಕಿತ್ಸೆಗೆ ಸೇರಿಸುವುದು" ಸೇವೆ, ಅದನ್ನು ಹೇಗೂ ಮಾಡಲೇಬೇಕು. ಸಂಶೋಧನೆಯ ಪ್ರಶ್ನೆಯಾಗಿ ಅದು ಮೊದಲ ಗುರಿಗೆ ಜೋತುಬಿದ್ದಿದೆ. ರೋಗಿಗಳು 30ರ ಬದಲು 15 ಆದರೆ ಅದೂ ಕುಸಿಯುತ್ತದೆ. ಅದಕ್ಕಿಂತ ಹಿಂದಿನ ಹೆಜ್ಜೆಯನ್ನು ಹಿಡಿಯಿರಿ. ಎಕ್ಸ್‌ರೇಯಲ್ಲಿ ಕಲೆ ಕಂಡ 685 ಜನರಲ್ಲಿ ಏಳು ದಿನದೊಳಗೆ ಕಫ ಕೊಟ್ಟವರೆಷ್ಟು? ಇವರಲ್ಲಿ ಹಲವರಿಗೆ ಕೆಮ್ಮೇ ಇರುವುದಿಲ್ಲ, ಕೇಳಿದರೆ ಕಫ ಬರುವುದೂ ಇಲ್ಲ. ಡಬ್ಬಿಯಲ್ಲಿ ಉಗುಳು ಹಾಕಿ ಕೊಡುತ್ತಾರೆ, ಇಲ್ಲವೇ ನಾಳೆ ತರುತ್ತೇನೆ ಎಂದು ಹೋದವರು ಮತ್ತೆ ಬರುವುದಿಲ್ಲ. ಅಲ್ಲೇ ಕೂರಿಸಿ ಕಫ ತೆಗೆಯುವುದನ್ನು ಹೇಳಿಕೊಡುವುದೋ, ಮರುದಿನ ಬೆಳಿಗ್ಗೆ ಮನೆಗೇ ಹೋಗಿ ಡಬ್ಬಿ ತರುವುದೋ, ಎರಡನ್ನು ಹೋಲಿಸಬಹುದು. ಪರೀಕ್ಷೆಗೆ ಯೋಗ್ಯವಾದ ಮಾದರಿ ಸಿಕ್ಕವರ ಶೇಕಡಾವಾರು ಇಲ್ಲಿನ ಅಳತೆ. ಚಿಕಿತ್ಸೆ ಶುರುವಾದವರ ಸಂಖ್ಯೆಯನ್ನು ಯಾವ ಊಹೆಯನ್ನೂ ಕಟ್ಟದೆ ಎಣಿಸಿ ವರದಿ ಮಾಡಿದರೆ ಸಾಕು.

ಹೀಗೆ ಬರೆದರೆ ಬಡಾವಣೆಯಲ್ಲಿ ಟಿಬಿ ಅಂದುಕೊಂಡದ್ದಕ್ಕಿಂತ ಅರ್ಧವೇ ಇದ್ದರೂ ಮೊದಲ ಗುರಿಯ ಉತ್ತರ ಮಾತ್ರ ಮಸುಕಾಗುತ್ತದೆ. ಉಳಿದೆರಡಕ್ಕೆ ಬೇಕಾದ ಸಂಖ್ಯೆ ಕೈಯಲ್ಲಿರುತ್ತದೆ. ಇದನ್ನೂ ಗುರಿಗಳ ಪುಟದ ಕೊನೆಯಲ್ಲಿ ಎರಡು ಸಾಲಿನಲ್ಲಿ ಹೇಳಿ. "ರೋಗಿಗಳೇ ಸಿಗದಿದ್ದರೆ?" ಎಂಬ ಪ್ರಶ್ನೆ ವಿಮರ್ಶಕರಿಂದ ಬಂದೇ ಬರುತ್ತದೆ.