ತಡವಾಗಿಯಾದರೂ ಮಾಲು ಬಂದಿದೆ, ಅಗ್ರಿಮೆಂಟ್ ರದ್ದು ಮಾಡಬಹುದಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಪಂಪ್ ಕಾರ್ಖಾನೆ ಇದೆ. ಬೆಳಗಾವಿಯ ಒಂದು ಫೌಂಡ್ರಿಯಿಂದ ಕಾಸ್ಟಿಂಗ್ ತರಿಸುತ್ತೇವೆ. ಕಳೆದ ಎಂಟು ಪರ್ಚೇಸ್ ಆರ್ಡರ್‌ಗಳಲ್ಲಿ, ಅಂದರೆ ಪಿಒಗಳಲ್ಲಿ, ಐದು ತಡವಾಗಿವೆ, ಒಂದಂತೂ 26 ದಿನ ತಡ. ಫೋನ್ ಮಾಡಿ, ವಾಟ್ಸ್ಆ್ಯಪ್ ಮಾಡಿ ಸಾಕಾಗಿದೆ. ಗಂಭೀರ ಲೋಪವಾದರೆ ಲಿಖಿತ ನೋಟಿಸ್ ಕೊಡಬೇಕು, ಅದು ತಲುಪಿದ 30 ದಿನದೊಳಗೆ ಸರಿಪಡಿಸದಿದ್ದರೆ ಇನ್ನೊಂದು ನೋಟಿಸ್ ಕೊಟ್ಟು ರದ್ದು ಮಾಡಬಹುದು ಎಂದು ಅಗ್ರಿಮೆಂಟಿನ 14ನೇ ಕಲಮಿನಲ್ಲಿದೆ. ಆದರೆ ಮಾಲು ತಡವಾಗಿಯಾದರೂ ಬಂದುಬಿಟ್ಟಿದೆ. ಇನ್ನು ಸರಿಪಡಿಸೋಕೆ ಏನು ಉಳಿದಿದೆ? ನೇರವಾಗಿ ರದ್ದತಿ ನೋಟಿಸ್ ಕಳಿಸಿದರೆ ಆಗುತ್ತಾ?

ಉತ್ತರ: ಈಗಲೇ ಕಳಿಸಬೇಡಿ. ನಿಮ್ಮ ಕಲಮು ಎರಡು ಪತ್ರ ಕೇಳುತ್ತದೆ. ಮೊದಲನೆಯದು ಲೋಪ ತೋರಿಸಿ ಕಾಲಾವಕಾಶ ಕೊಡುವುದು, ಎರಡನೆಯದು ರದ್ದು ಮಾಡುವುದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ಕಳಿಸಿದರೆ, ಒಪ್ಪಂದ ಮುರಿದವರು ನೀವೇ ಎಂದು ಫೌಂಡ್ರಿಯವರು ತಿರುಗಿ ಬೀಳಬಹುದು. ಐದು ಸಲ ತಡ ಮಾಡಿದವರು ಪರಿಹಾರ ಕೇಳುವ ಸ್ಥಿತಿಗೆ ಬರುತ್ತಾರೆ.

ಇನ್ನೊಂದು ತೊಡಕು ನಿಮ್ಮ ಕಡೆಯಿಂದಲೇ ಆಗಿದೆ. ತಡವಾಗಿ ಬಂದ ಮಾಲನ್ನು ಪ್ರತಿ ಸಲ ಸುಮ್ನೆ ಇಳಿಸಿಕೊಂಡಿದ್ದೀರಿ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಸಮಯಕ್ಕೆ ಕೊಡದಿದ್ದರೆ ಕರಾರು ಬಿಡಬಹುದು ಎಂಬಂಥ ಒಪ್ಪಂದದಲ್ಲೂ, ತಡವಾದ ಮಾಲನ್ನು ಒಪ್ಪಿಕೊಂಡರೆ ಆ ತಡಕ್ಕೆ ಆಮೇಲೆ ಪರಿಹಾರ ಕೇಳುವಂತಿಲ್ಲ. ಕೇಳಬೇಕೆಂದರೆ, ಪರಿಹಾರದ ಹಕ್ಕು ಉಳಿಸಿಕೊಂಡಿದ್ದೇವೆ ಎಂದು ಒಪ್ಪಿಕೊಳ್ಳುವಾಗಲೇ ತಿಳಿಸಿರಬೇಕು. 'ಬೇಗ ಕಳಿಸಿ ಸಾರ್' ಎಂಬ ವಾಟ್ಸ್ಆ್ಯಪ್ ಅಷ್ಟು ಹೇಳುವುದಿಲ್ಲ. ಹಾಗಾಗಿ ಹಳೆಯ ಐದರ ನಷ್ಟಕ್ಕಿಂತ, ಅವುಗಳಿಂದ ಕಾಣುವ ಚಾಳಿಯ ಮೇಲೆ ನೋಟಿಸ್ ನಿಲ್ಲಿಸುವುದು ಜಾಣತನ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. 'ಪಿಒ 5 ತಡವಾಗಿದೆ, ಸರಿಪಡಿಸಿ' ಎಂದು ಬರೆದರೆ, 'ಮಾಲು ಕೊಟ್ಟಾಯ್ತಲ್ಲ' ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಅದನ್ನು ಅಲ್ಲಗಳೆಯುವುದು ಕಷ್ಟ. ಆದ್ದರಿಂದ ಲೋಪ ಯಾವುದು ಎನ್ನುವುದನ್ನು ಬೇರೆ ರೀತಿ ಹೇಳಿ: ಒಪ್ಪಿಕೊಂಡ ದಿನಾಂಕಕ್ಕೆ ಮಾಲು ಕೊಡುವ ಹೊಣೆಯನ್ನು ಮತ್ತೆ ಮತ್ತೆ ತಪ್ಪಿಸುತ್ತಿರುವುದು. ಸರಿಪಡಿಸುವುದೆಂದರೆ ಏನು ಎಂಬುದನ್ನೂ ನೀವೇ ಬರೆಯಿರಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಮೊದಲ ನೋಟಿಸಿನ ತಿರುಳು ಹೀಗಿರಲಿ:

"ಜೊತೆಗಿರುವ ಪಟ್ಟಿಯ ಐದು ಪಿಒಗಳಲ್ಲಿ ನೀವು ಒಪ್ಪಿದ ದಿನಾಂಕ ಮೀರಿದ್ದೀರಿ. ಇದು ಅಗ್ರಿಮೆಂಟಿನ 14ನೇ ಕಲಮಿನ ಪ್ರಕಾರ ಗಂಭೀರ ಲೋಪ. ಈ ನೋಟಿಸ್ ತಲುಪಿದ 30 ದಿನಗಳಲ್ಲಿ ಬಾಕಿ ಇರುವ ಮಾಲನ್ನೆಲ್ಲ ಕೊಡಬೇಕು, ಮತ್ತು ಈ ಅವಧಿಯಲ್ಲಿ ಗಡುವು ಇರುವ ಪ್ರತಿ ಪಿಒವನ್ನೂ ಅದರ ದಿನಾಂಕಕ್ಕೇ ತಲುಪಿಸಬೇಕು. ಹಿಂದೆ ತಡವಾದ ಮಾಲನ್ನು ತೆಗೆದುಕೊಂಡಿದ್ದರಿಂದ ನಮ್ಮ ಯಾವ ಹಕ್ಕೂ ಹೋಗಿಲ್ಲ. ಇನ್ನು ಮುಂದೆ ದಿನಾಂಕವೇ ಒಪ್ಪಂದದ ಮುಖ್ಯ ಅಂಶ."

ಕೊನೆಯ ಎರಡು ವಾಕ್ಯ ಬಿಡಬೇಡಿ. ನೀವು ಸಡಿಲ ಬಿಟ್ಟ ಗಡುವನ್ನು ಮತ್ತೆ ಬಿಗಿ ಮಾಡುವುದು ಅವೇ. ಆ 30 ದಿನಗಳಲ್ಲಿ ಗಡುವಿರುವ ಪಿಒ ಕನಿಷ್ಠ ಒಂದಾದರೂ ಇರುವ ಹಾಗೆ ನೋಟಿಸಿನ ಸಮಯ ನೋಡಿಕೊಳ್ಳಿ. ಇಲ್ಲದಿದ್ದರೆ ಅವರು ಸರಿಪಡಿಸಿದರೋ ಇಲ್ಲವೋ ಎಂದು ಅಳೆಯೋಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಪಟ್ಟಿಗೆ ನಾಲ್ಕು ಕಾಲಂ ಸಾಕು: ಪಿಒ ನಂಬರ್, ಒಪ್ಪಿದ ದಿನಾಂಕ, ನಿಮ್ಮ ಗೇಟ್ ಎಂಟ್ರಿ ದಿನಾಂಕ, ಎಷ್ಟು ದಿನ ತಡ. ಕಳಿಸುವ ಮೊದಲು ಒಂದೊಂದು ಸಾಲನ್ನೂ ಎದುರಾಳಿಯ ಕಣ್ಣಿನಿಂದ ನೋಡಿ. ಡ್ರಾಯಿಂಗ್ ಬದಲಿಸಿದ್ದು ನೀವೇ ಇರಬಹುದು, ಅಡ್ವಾನ್ಸ್ ತಡವಾಗಿ ಹಾಕಿರಬಹುದು, ಸ್ಯಾಂಪಲ್ ಪಾಸ್ ಮಾಡೋಕೆ ವಾರ ತೆಗೆದುಕೊಂಡಿರಬಹುದು. ಅಂಥ ಪಿಒ ಇದ್ದರೆ ತೆಗೆದುಹಾಕಿ. ಗಟ್ಟಿಯಾದ ಮೂರೇ ಸಾಲು ಉಳಿದರೂ ಪರವಾಗಿಲ್ಲ. ಒಂದು ಹುಸಿ ಸಾಲು ಸಿಕ್ಕರೆ ಅವರ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ.

ನೋಟಿಸ್ ಯಾವ ವಿಳಾಸಕ್ಕೆ, ಹೇಗೆ ಕಳಿಸಬೇಕು ಎಂದು ಅಗ್ರಿಮೆಂಟಿನಲ್ಲಿ ಬೇರೆ ಕಲಮು ಇರುತ್ತದೆ. ಅದನ್ನು ಅಕ್ಷರಶಃ ಪಾಲಿಸಿ. ಹಳೆಯ ಅಗ್ರಿಮೆಂಟುಗಳಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂದಿರುತ್ತದೆ. ಅಂಚೆ ಇಲಾಖೆ 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಈಗ ನೋಂದಣಿ ಸೌಲಭ್ಯ ಮತ್ತು ಸ್ವೀಕೃತಿ ಇರುವ ಸ್ಪೀಡ್ ಪೋಸ್ಟ್ ಮಾಡಿ, ಅದೇ ಪ್ರತಿಯನ್ನು ಇಮೇಲ್‌ನಲ್ಲೂ ಕಳಿಸಿ. ದಿನ ಎಣಿಸುವಾಗ ತಲುಪಿದ ದಿನವನ್ನು ಬಿಡಿ. ಮೇ 4ಕ್ಕೆ ತಲುಪಿದರೆ ಮೇ 5 ಮೊದಲ ದಿನ, ಜೂನ್ 3 ಮೂವತ್ತನೆಯ ದಿನ. ರದ್ದತಿ ಪತ್ರಕ್ಕೆ ಜೂನ್ 4ಕ್ಕಿಂತ ಮೊದಲಿನ ದಿನಾಂಕ ಇರಲೇಬಾರದು. ಎರಡು ದಿನ ಜಾಸ್ತಿ ಬಿಟ್ಟರೆ ಇನ್ನೂ ಒಳ್ಳೆಯದು.

ಈ 30 ದಿನ ನಿಮ್ಮ ಸ್ಟೋರ್ಸ್ ಮತ್ತು ಪರ್ಚೇಸ್ ಹುಡುಗರ ಬಾಯಿಗೆ ಬೀಗ ಹಾಕಿ. 'ಸರಿ, ಮುಂದಿನ ಸೋಮವಾರ ಕಳಿಸಿ' ಎಂದು ಯಾರೋ ಒಬ್ಬರು ಮೆಸೇಜ್ ಮಾಡಿದರೆ ಗಡುವು ಮುಂದೂಡಿದ ಹಾಗೆ. ಅವರ ಬಿಲ್ಲುಗಳನ್ನೂ ತಡೆಹಿಡಿಯಬೇಡಿ. ಫೌಂಡ್ರಿ ಮೈಕ್ರೋ ಅಥವಾ ಸ್ಮಾಲ್ ಘಟಕವಾಗಿ ಉದ್ಯಮ್‌ನಲ್ಲಿ ನೋಂದಾಯಿಸಿದ್ದರೆ, ಲಿಖಿತ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಲೇಬೇಕು. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

30 ದಿನದಲ್ಲಿ ಎರಡರಲ್ಲಿ ಒಂದು ಆಗುತ್ತದೆ. ಹಳೆಯ ಬಾಕಿ ಪೂರ್ತಿ ಬಂದು, ಆ ಅವಧಿಯ ಪಿಒ ಮಾತ್ರ ಆರು ದಿನ ತಡವಾದರೆ, ನೋಟಿಸಿನಲ್ಲಿ ಬರೆದ ಷರತ್ತು ಈಡೇರಿಲ್ಲ. ಈಗ ಎರಡನೇ ಪತ್ರ ಕಳಿಸಿ. ಅದರಲ್ಲಿ ಕತೆ ಬೇಡ. ಮೊದಲ ನೋಟಿಸಿನ ದಿನಾಂಕ, ತಲುಪಿದ ದಿನ, ಈಡೇರದ ಷರತ್ತು, 14ನೇ ಕಲಮಿನ ಪ್ರಕಾರ ಯಾವ ದಿನದಿಂದ ರದ್ದು, ಯಾವ ಪಿಒಗಳು ರದ್ದು, ಇಷ್ಟಿದ್ದರೆ ಸಾಕು. ಎಲ್ಲವೂ ಸಮಯಕ್ಕೆ ಬಂದುಬಿಟ್ಟರೆ ಮಾತ್ರ ರದ್ದು ಮಾಡೋಕೆ ಆಗುವುದಿಲ್ಲ. ಎರಡು ತಿಂಗಳ ನಂತರ ಮತ್ತೆ ತಡವಾದರೆ ಹೊಸ ನೋಟಿಸ್, ಹೊಸ 30 ದಿನ. ಲೋಪ ಮರುಕಳಿಸಿದರೆ ಕಾಲಾವಕಾಶ ಬೇಡ ಎಂಬ ಸಾಲು ಅಗ್ರಿಮೆಂಟಿನಲ್ಲಿದ್ದರೆ ಆ ಮಾತು ಬೇರೆ. ಕಾರಣ ಕೊಡದೆ ಇಂತಿಷ್ಟು ದಿನದ ನೋಟಿಸಿನಲ್ಲಿ ಹೊರಬರುವ ಕಲಮೂ ಇದೆಯಾ ನೋಡಿ. ಬರೀ ಬಿಡುಗಡೆ ಸಾಕು, ಪರಿಹಾರ ಬೇಡ ಎನ್ನುವುದಾದರೆ ನನ್ನ ಪ್ರಕಾರ ಅದೇ ವಾಸಿ.

ನಿಮ್ಮ ಉದ್ಯಮಕ್ಕೇ ಸೇರಿದ ಒಂದು ಮಾತು. ಕಾಸ್ಟಿಂಗಿನ ಪ್ಯಾಟರ್ನ್ ಮತ್ತು ಕೋರ್ ಬಾಕ್ಸ್ ನಿಮ್ಮ ದುಡ್ಡಿನವೇ ಆದರೂ ಈಗ ಇರುವುದು ಅವರ ಶೆಡ್ಡಿನಲ್ಲಿ, ಅಲ್ವಾ? ರದ್ದತಿ ಪತ್ರ ಕೈ ಸೇರಿದ ಮೇಲೆ ಅವು ಸುಲಭವಾಗಿ ಹೊರಗೆ ಬರುವುದಿಲ್ಲ. ಯಾವ ಪ್ಯಾಟರ್ನ್ ಅವರ ಹತ್ತಿರ ಇದೆ ಎಂದು ಚಲನ್ ಸಮೇತ ಪಟ್ಟಿ ಮಾಡಿ, ಸ್ಟಾಕ್ ಪರಿಶೀಲನೆಯ ಹೆಸರಿನಲ್ಲಿ ಮೊದಲೇ ಅವರಿಂದ ಸಹಿ ಹಾಕಿಸಿಕೊಳ್ಳಿ. ಎಷ್ಟು ದಿನದಲ್ಲಿ ವಾಪಸ್ ಕೊಡಬೇಕು ಎಂದು ರದ್ದತಿ ಪತ್ರದಲ್ಲೇ ಬರೆಯಿರಿ.

ಗೇಟಿನ ಸೆಕ್ಯುರಿಟಿಗೂ ಲಿಖಿತ ಸೂಚನೆ ಕೊಡಿ. ರದ್ದಾದ ಮರುದಿನವೇ ಒಂದು ಲಾರಿ ಮಾಲು ಕಳಿಸಿ ನೋಡುವವರು ಇರುತ್ತಾರೆ. ಚಲನ್ ಮೇಲೆ ನಿಮ್ಮ ಸೀಲ್ ಬಿದ್ದರೆ, ಒಪ್ಪಂದ ಇನ್ನೂ ನಡೆಯುತ್ತಿದೆ ಎಂದು ವಾದ ಮಾಡೋಕೆ ಅವರಿಗೆ ಅಷ್ಟು ಸಾಕು.